ಹತ್ತು ಮಿಲಿಲೀಟರ್ ಸಿಲಿಂಡರಿನಲ್ಲಿ ನೀರಿನ ಆವೀಕರಣ ಎಂಥಾಲ್ಪಿ

ನಾನು ಕಾರವಾರದಲ್ಲಿ ಪಿಯು ವಿದ್ಯಾರ್ಥಿಗಳಿಗೆ ರಸಾಯನಶಾಸ್ತ್ರ ಕಲಿಸುತ್ತೇನೆ. ತವರು ಶಿರಸಿ. ಒಂದು ಊರು ಸಮುದ್ರದ ಮಗ್ಗುಲಲ್ಲಿದೆ, ಇನ್ನೊಂದು ಘಟ್ಟದ ಮೇಲೆ ಸುಮಾರು 590 ಮೀಟರ್ ಎತ್ತರದಲ್ಲಿದೆ. ದ್ರವದ ಆವಿ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸಮವಾದಾಗ ಅದು ಕುದಿಯುತ್ತದೆ. ಹಾಗಿದ್ದರೆ ಎರಡೂ ಊರುಗಳಲ್ಲಿ ನೀರು ಕುದಿಸಿ, ತಾಪಮಾನವನ್ನೂ ಗಾಳಿಯ ಒತ್ತಡವನ್ನೂ ಬರೆದುಕೊಂಡರೆ, ಎರಡು ತಾಪಮಾನಗಳಲ್ಲಿನ ಆವಿ ಒತ್ತಡ ಸಿಕ್ಕಂತೆಯೇ. ಉಳಿದದ್ದು ಕ್ಲಾಸಿಯಸ್–ಕ್ಲಾಪೆರಾನ್ ಸಮೀಕರಣದ ಕೆಲಸ:

ln(P2/P1) = (ΔH/R)(1/T1 − 1/T2)

ಇಲ್ಲಿ P ಆವಿ ಒತ್ತಡ, T ಕೆಲ್ವಿನ್‌ನಲ್ಲಿ ತಾಪಮಾನ, R ಅನಿಲ ಸ್ಥಿರಾಂಕ. ನಾನು ಹುಡುಕುತ್ತಿದ್ದದ್ದು ΔH, ಅಂದರೆ ಒಂದು ಮೋಲ್ ನೀರು ಆವಿಯಾಗಲು ಬೇಕಾದ ಶಾಖ; ಅದೇ ಆವೀಕರಣ ಎಂಥಾಲ್ಪಿ.

ದೀಪಾವಳಿ ರಜೆಗೆ ಊರಿಗೆ ಹೊರಟಾಗ ಥರ್ಮಾಮೀಟರನ್ನು ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡೆ. ಹಿಂದಿನ ಸಂಜೆ ಕಾರವಾರದ ಮನೆಯಲ್ಲಿ ನೀರು 100 ಡಿಗ್ರಿಯಲ್ಲಿ ಕುದಿದಿತ್ತು. ಮೊಬೈಲಿನ ಒತ್ತಡ ಸಂವೇದಕ 100.8 ಕಿಲೋಪಾಸ್ಕಲ್ ತೋರಿಸಿತ್ತು. ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತಿ ಶಿರಸಿ ಸೇರಿ, ಅಮ್ಮನ ಅಡುಗೆಮನೆಯಲ್ಲಿ ಅದೇ ಪಾತ್ರೆ, ಅದೇ ಥರ್ಮಾಮೀಟರ್ ಬಳಸಿದೆ: 98 ಡಿಗ್ರಿ, 94.2 ಕಿಲೋಪಾಸ್ಕಲ್. ಹವಾಮಾನ ಆ್ಯಪ್‌ಗಳು ತೋರಿಸುವ ಒತ್ತಡವನ್ನು ಇಲ್ಲಿ ನಂಬಬಾರದು. ಅವು ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ ಅಂಕಿಯನ್ನು ಕೊಡುತ್ತವೆ. ಅದನ್ನು ತೆಗೆದುಕೊಂಡರೆ ಶಿರಸಿಗೂ ಕಾರವಾರಕ್ಕೂ ಹೆಚ್ಚುಕಡಿಮೆ ಒಂದೇ ಒತ್ತಡ ಬಂದು ಸಮೀಕರಣದ ಎಡಬದಿ ಸೊನ್ನೆಯಾಗಿಬಿಡುತ್ತದೆ.

ಲೆಕ್ಕ ಹಾಕಿದಾಗ ಮೋಲಿಗೆ 39 ಕಿಲೋಜೂಲ್ ಬಂತು. 100 ಡಿಗ್ರಿಯಲ್ಲಿ ಪುಸ್ತಕ ಕೊಡುವ ಬೆಲೆ 40.7. ಆ ರಾತ್ರಿ ನನಗಾದ ಸಂತೋಷ ಬೆಳಗಿನವರೆಗೆ ಉಳಿಯಲಿಲ್ಲ. ನನ್ನ ಥರ್ಮಾಮೀಟರಿಗೆ ಒಂದೊಂದು ಡಿಗ್ರಿಗೆ ಒಂದು ಗೆರೆ; ಅರ್ಧ ಡಿಗ್ರಿಗಿಂತ ನಿಖರವಾಗಿ ಓದಿದ್ದೇನೆ ಎಂದು ಹೇಳಲು ಮನಸ್ಸು ಒಪ್ಪಲಿಲ್ಲ. ಶಿರಸಿಯದ್ದು 97.5 ಆಗಿದ್ದರೆ ಉತ್ತರ 31 ಆಗುತ್ತಿತ್ತು. ಕಾರವಾರದ್ದು 99.5 ಆಗಿದ್ದರೆ 52. ತಾಪಮಾನಗಳ ಅಂತರವೇ ಎರಡು ಡಿಗ್ರಿ ಇರುವಾಗ ಅರ್ಧ ಡಿಗ್ರಿಯ ತಪ್ಪು ಎಂದರೆ ಕಾಲು ಭಾಗದ ತಪ್ಪು. 39 ಬಂದದ್ದು ಅದೃಷ್ಟದಿಂದ, ಅಳತೆಯಿಂದಲ್ಲ. ಅದನ್ನು ತರಗತಿಯಲ್ಲಿ ತೋರಿಸಬಾರದು ಎಂದು ಅಂದೇ ನಿರ್ಧರಿಸಿದೆ.

ಬೇಕಾಗಿದ್ದದ್ದು ಇಪ್ಪತ್ತು ಡಿಗ್ರಿಯಷ್ಟಾದರೂ ಅಂತರ. ಅದಕ್ಕೆ ಘಟ್ಟ ಹತ್ತಬೇಕಿಲ್ಲ, 10 ಮಿಲಿಲೀಟರಿನ ಒಂದು ಅಳತೆ ಸಿಲಿಂಡರ್ ಸಾಕು. ಸಿಲಿಂಡರಿಗೆ ನೀರು ತುಂಬಿ, ಮೇಲೆ ಸ್ವಲ್ಪ ಗಾಳಿ ಬಿಟ್ಟು, ಬಾಯಿಯನ್ನು ಬೆರಳಿನಿಂದ ಮುಚ್ಚಿ, ನೀರು ತುಂಬಿದ ಎತ್ತರದ ಬೀಕರಿನಲ್ಲಿ ತಲೆಕೆಳಗಾಗಿ ಇಳಿಸಬೇಕು. ಸಿಕ್ಕಿಬಿದ್ದ ಗಾಳಿಯ ಗುಳ್ಳೆ ಪೂರ್ತಿ ನೀರಿನೊಳಗೆ ಇರಬೇಕು. ಬಿಸಿ ಮಾಡಿದಂತೆ ಗುಳ್ಳೆ ಹಿಗ್ಗುತ್ತದೆ: ಒಂದಿಷ್ಟು ಗಾಳಿ ಹಿಗ್ಗಿದ್ದರಿಂದ, ಉಳಿದದ್ದು ಒಳಗೆ ಸೇರಿದ ನೀರಾವಿಯಿಂದ. ಗಾಳಿಯ ಪಾಲನ್ನು ಕಳೆದರೆ ಆವಿಯ ಒತ್ತಡ ಸಿಗುತ್ತದೆ. ಗಾಳಿ ಎಷ್ಟಿದೆ ಎಂದು ತಿಳಿಯಲು ಕೊನೆಯಲ್ಲಿ ಮಂಜುಗಡ್ಡೆ ಹಾಕಿ 4 ಡಿಗ್ರಿಗೆ ಇಳಿಸುತ್ತೇನೆ. ಅಲ್ಲಿ ನೀರಾವಿಯ ಒತ್ತಡ ಬರೀ 0.8 ಕಿಲೋಪಾಸ್ಕಲ್, ಗುಳ್ಳೆಯಲ್ಲಿ ಇರುವುದೆಲ್ಲ ಬಹುತೇಕ ಗಾಳಿಯೇ.

ಮೊದಲ ಸಲ ನಲ್ಲಿ ನೀರನ್ನು ಹಾಗೆಯೇ ಬಳಸಿ ಕೆಟ್ಟೆ. ಕಾಯಿಸುತ್ತಿದ್ದಂತೆ ಗಾಜಿನ ಗೋಡೆಗೆ ಸಣ್ಣ ಸಣ್ಣ ಗುಳ್ಳೆಗಳು ಕಟ್ಟಿ, ಮೇಲೇರಿ ದೊಡ್ಡ ಗುಳ್ಳೆಗೆ ಸೇರಿಕೊಂಡವು. ನೀರಿನಲ್ಲಿ ಕರಗಿದ್ದ ಗಾಳಿ ಅದು. ಕಾಯಿಸುವ ಮೊದಲು ಮಂಜಿನ ನೀರಿನಲ್ಲಿ 4.0 ಇದ್ದ ಗಾತ್ರ ಕೊನೆಯಲ್ಲಿ ಮತ್ತೆ 4 ಡಿಗ್ರಿಗೆ ಬಂದಾಗ 4.3 ಆಗಿತ್ತು. ಈಗ ಕುದಿಸಿ ಆರಿಸಿದ ನೀರನ್ನೇ ಬಳಸುತ್ತೇನೆ, ತಣ್ಣನೆಯ ಗಾತ್ರವನ್ನು ಮೊದಲೂ ಕೊನೆಗೂ ಓದುತ್ತೇನೆ. ಎರಡೂ ಹೊಂದದಿದ್ದರೆ ಆ ದಿನದ ಅಂಕಿಗಳನ್ನು ಬಿಟ್ಟುಬಿಡುತ್ತೇನೆ. 75 ಡಿಗ್ರಿಗೆ ಕಾಯಿಸಿ ಉರಿ ಆರಿಸಿ, ನಿಧಾನವಾಗಿ ಕಲಕುತ್ತಾ, ತಾಪಮಾನ ಇಳಿಯುವಾಗ ಮಾತ್ರ ಓದುತ್ತೇನೆ. ಏರುವಾಗ ಬೀಕರಿನ ತಳ ಬಿಸಿ, ಮೇಲೆ ತಂಪು. ಥರ್ಮಾಮೀಟರ್ ಹೇಳುವುದು ಗುಳ್ಳೆಯ ತಾಪಮಾನವಾಗಿರುವುದಿಲ್ಲ.

ಇನ್ನೊಂದು ತಿದ್ದುಪಡಿ ಇದೆ. ಸಿಲಿಂಡರಿನ ಗೆರೆಗಳನ್ನು ನೆಟ್ಟಗೆ ನಿಲ್ಲಿಸಿ ಓದಲು ಹಾಕಿರುತ್ತಾರೆ. ತಲೆಕೆಳಗಾದಾಗ ನೀರಿನ ಅಂಚು ಗೋಡೆಯನ್ನು ಹತ್ತಿ ಗಾಳಿಯ ಜಾಗವನ್ನು ತಿನ್ನುತ್ತದೆ. ಆದ್ದರಿಂದ ಪ್ರತಿ ಓದಿನಿಂದ 0.2 ಮಿಲಿಲೀಟರ್ ಕಳೆಯುತ್ತೇನೆ.

ಹೀಗೆ ತಿದ್ದಿದ ಮೇಲೆ ಒಂದು ದಿನದ ನನ್ನ ಅಂಕಿಗಳು: 4 ಡಿಗ್ರಿಯಲ್ಲಿ 4.00, 50ರಲ್ಲಿ 5.30, 70ರಲ್ಲಿ 7.15 ಮಿಲಿಲೀಟರ್. ಅಂದೂ ಹೊರಗಿನ ಒತ್ತಡ 100.8. ತಣ್ಣಗಿದ್ದಾಗ ಗಾಳಿಯ ಪಾಲು 100.0, ಆದ್ದರಿಂದ ಗಾಳಿಯ PV/T ಬೆಲೆ 100.0 × 4.00 / 277.15 = 1.443. ಗುಳ್ಳೆಯ ಗಾಳಿ ಅಷ್ಟೇ ಇರುವುದರಿಂದ ಈ ಅಂಕಿ ಬದಲಾಗುವುದಿಲ್ಲ.

50 ಡಿಗ್ರಿ: ಗಾಳಿ 1.443 × 323.15 / 5.30 = 88.0, ಆವಿ 100.8 − 88.0 = 12.8
70 ಡಿಗ್ರಿ: ಗಾಳಿ 1.443 × 343.15 / 7.15 = 69.3, ಆವಿ 100.8 − 69.3 = 31.5

ln(31.5/12.8) ಎಂದರೆ 0.90. 1/323.15 − 1/343.15 ಎಂದರೆ 0.0001804. R ಅಂದರೆ 8.314ರಿಂದ ಗುಣಿಸಿ ಭಾಗಿಸಿದರೆ ಸುಮಾರು 41,500 ಜೂಲ್, ಅಂದರೆ ಮೋಲಿಗೆ 41.5 ಕಿಲೋಜೂಲ್. ತಾಪಮಾನವನ್ನು ಕೆಲ್ವಿನ್‌ಗೆ ಬದಲಿಸದೆ 50, 70 ಎಂದೇ ಹಾಕಿದ ವಿದ್ಯಾರ್ಥಿಗೆ 1.3 ಕಿಲೋಜೂಲ್ ಬರುತ್ತದೆ. ಆ ಉತ್ತರವನ್ನು ನೋಡಿದೊಡನೆ ತಪ್ಪು ಎಲ್ಲಿದೆ ಎಂದು ಹೇಳಬಹುದು.

ಗುಳ್ಳೆ ನೀರಿನೊಳಗೆ ಐದಾರು ಸೆಂಟಿಮೀಟರ್ ಆಳದಲ್ಲಿರುವುದರಿಂದ ಅದರ ಮೇಲೆ ಅರ್ಧ ಕಿಲೋಪಾಸ್ಕಲಿಗಿಂತ ಹೆಚ್ಚಿನ ಒತ್ತಡ ಇರುತ್ತದೆಯಲ್ಲ ಎಂದು ಒಬ್ಬ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಮೂರೂ ಓದುಗಳಿಗೆ ಅದನ್ನು ಸೇರಿಸಿ ಮತ್ತೆ ಲೆಕ್ಕ ಹಾಕಿದೆವು. ತಣ್ಣನೆಯ ಓದಿಗೂ ಬಿಸಿ ಓದಿಗೂ ಅದು ಒಂದೇ ದಿಕ್ಕಿನಲ್ಲಿ ಸೇರುವುದರಿಂದ ಉತ್ತರ ಹೆಚ್ಚೆಂದರೆ 0.1 ಕಿಲೋಜೂಲ್ ಅಲುಗಿತು.

ನನ್ನನ್ನು ನಿಜಕ್ಕೂ ಕಾಡುವುದು 50 ಡಿಗ್ರಿಯ ಓದು. ಅಲ್ಲಿ ಆವಿಯ 12.8 ಬಂದದ್ದು 100.8 ಮತ್ತು 88.0 ಎಂಬ ಎರಡು ದೊಡ್ಡ ಅಂಕಿಗಳ ವ್ಯತ್ಯಾಸದಿಂದ. ಸಿಲಿಂಡರಿನ ಗೆರೆ 0.1ಕ್ಕೆ ಒಂದು. ಅರ್ಧ ಗೆರೆ ಕೆಳಗೆ, 5.25 ಎಂದು ಓದಿದ್ದರೆ ಆವಿ ಒತ್ತಡ 12.0ಕ್ಕೆ ಇಳಿದು ಉತ್ತರ 44.5ರ ಆಸುಪಾಸಿಗೆ ಹಾರುತ್ತಿತ್ತು. 70ರಲ್ಲಿ ಅದೇ ಅರ್ಧ ಗೆರೆಯ ತಪ್ಪಿಗೆ ಒಂದು ಕಿಲೋಜೂಲ್ ಕೂಡ ಬದಲಾಗುವುದಿಲ್ಲ. ಅದಕ್ಕೇ 50ರ ಹತ್ತಿರ ಮೂರು ಜನರಿಂದ ಓದಿಸುತ್ತೇನೆ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು. 40ಕ್ಕಿಂತ ಕೆಳಗೆ ಇಳಿದು ಅಂತರ ಹೆಚ್ಚಿಸಿಕೊಳ್ಳುವ ಆಸೆಯನ್ನೂ ಇದೇ ಕಾರಣಕ್ಕೆ ಬಿಟ್ಟೆ: ಅಲ್ಲಿ ಆವಿ ಇನ್ನೂ ಕಡಿಮೆ, ಓದಿನ ತಪ್ಪು ಮಾತ್ರ ಅಷ್ಟೇ.

41.5 ಬಂದಾಗ ವಿದ್ಯಾರ್ಥಿಗಳು ಪುಸ್ತಕದ 40.7ರ ಪಕ್ಕ ಇಟ್ಟು, ಸ್ವಲ್ಪ ಹೆಚ್ಚು ಬಂದಿದೆ ಎಂದು ಬರೆದರು. ಆ 40.7 ಕುದಿಯುವ ನೀರಿನದು. ಆವೀಕರಣ ಎಂಥಾಲ್ಪಿ ತಾಪಮಾನ ಏರಿದಂತೆ ಇಳಿಯುತ್ತದೆ. 25 ಡಿಗ್ರಿಯಲ್ಲಿ ಅದು 44.0. ನಾವು ಅಳೆದದ್ದು 50ರಿಂದ 70ರವರೆಗಿನ ಸರಾಸರಿಯನ್ನು, ಅಂದರೆ 60 ಡಿಗ್ರಿಯ ಆಸುಪಾಸಿನ ಬೆಲೆಯನ್ನು. ಅಲ್ಲಿ ಅದು ಸುಮಾರು 42.5. ನಮ್ಮದು ಹೆಚ್ಚು ಬಂದಿರಲಿಲ್ಲ, ಒಂದು ಕಿಲೋಜೂಲ್ ಕಡಿಮೆ ಬಂದಿತ್ತು. ದಾಖಲೆ ಪುಸ್ತಕಗಳಲ್ಲಿ ಆ ಸಾಲನ್ನು ಹೊಡೆದು ಮತ್ತೆ ಬರೆಸಿದೆ.