ಬಸ್ಸು ತಪ್ಪಿದರೂ ಕೆಡದ ಸರಕು: ದೂರದ ಹಳ್ಳಿಯಲ್ಲಿ ಜೇನು ವ್ಯಾಪಾರ ಹೇಗೆ?

ನೆಟ್‌ವರ್ಕ್ ಸರಿಯಿಲ್ಲ, ವಾಹನ ಅಪರೂಪ, ಊರಲ್ಲಿ ಕೊಳ್ಳುವವರು ಬೆರಳೆಣಿಕೆ. ಇಂಥ ಕಡೆ ಯಾವ ವ್ಯಾಪಾರ ಮಾಡುವುದು ಎಂದು ಯೋಚಿಸುವ ಮೊದಲು ಒಂದು ಸಣ್ಣ ಲೆಕ್ಕ ಹಾಕಿ. ಪೇಟೆಗೆ 30 ಕೆಜಿ ಸರಕು ಒಯ್ಯಲು 300 ರೂಪಾಯಿ ಖರ್ಚು ಎಂದುಕೊಳ್ಳೋಣ. ಅಂದರೆ ಕೆಜಿಗೆ 10. ಕೆಜಿಗೆ 20ರಂತೆ ಮಾರುವ ತರಕಾರಿಯಾದರೆ ಅರ್ಧ ಹಣ ದಾರಿಯಲ್ಲೇ ಹೋಯಿತು. ಕೆಜಿಗೆ 300ರಂತೆ ಹೋಗುವ ಸರಕಾದರೆ ಆ 10 ಲೆಕ್ಕಕ್ಕೇ ಇಲ್ಲ. ಜೊತೆಗೆ ಅದು ತಿಂಗಳುಗಟ್ಟಲೆ ಕೆಡದೆ ಉಳಿದರೆ, ವಾಹನ ಸಿಕ್ಕಾಗ ಕಳಿಸಿದರೆ ಸಾಕು. ಈ ಎರಡೂ ಗುಣ ಇರುವ ಸರಕು ಜೇನುತುಪ್ಪ.

ಮೊದಲ ಕೆಲಸ ಜೇನುಪೆಟ್ಟಿಗೆ ಕೊಳ್ಳುವುದಲ್ಲ, ಹೂವು ನೋಡುವುದು. ಸುತ್ತಲಿನ ಒಂದೆರಡು ಕಿಲೋಮೀಟರ್‌ನಲ್ಲಿ ಯಾವ ತಿಂಗಳು ಯಾವ ಗಿಡ ಹೂ ಬಿಡುತ್ತದೆ ಎಂದು ಒಂದು ವರ್ಷ ಬರೆದಿಡಿ. ತಿಂಗಳುಗಟ್ಟಲೆ ಹೂವೇ ಇಲ್ಲದ ಜಾಗ ಅಥವಾ ಹೊಲಗಳಿಗೆ ಪದೇ ಪದೇ ಕೀಟನಾಶಕ ಸಿಂಪಡಿಸುವ ಜಾಗವಾದರೆ ಈ ಆಸೆ ಬಿಡುವುದೇ ಒಳ್ಳೆಯದು. ಜೇನು ಕುಟುಕಿದಾಗ ಉಸಿರಾಟಕ್ಕೆ ತೊಂದರೆಯಾಗುವವರಿಗೂ ಇದು ಬೇಡ.

ಶುರುವಿಗೆ ಎರಡು ಪೆಟ್ಟಿಗೆ ಇಡಿ. ಒಂದೇ ಇದ್ದರೆ ಅದು ಚೆನ್ನಾಗಿದೆಯೋ ಸೊರಗಿದೆಯೋ ಹೋಲಿಸಿ ನೋಡಲು ಏನೂ ಇರುವುದಿಲ್ಲ. ಒಂದರಲ್ಲಿ ರಾಣಿ ಸತ್ತರೆ ಇನ್ನೊಂದರಿಂದ ಮೊಟ್ಟೆಯಿರುವ ಎರಿ, ಅಂದರೆ ಹುಳುಗಳು ಕಟ್ಟಿದ ಮೇಣದ ಗೂಡಿನ ಹಲ್ಲೆ, ತಂದಿಡಬಹುದು, ಹುಳುಗಳೇ ಹೊಸ ರಾಣಿಯನ್ನು ಬೆಳೆಸಿಕೊಳ್ಳುತ್ತವೆ. ಮೊದಲ ವರ್ಷದ ತುಪ್ಪವನ್ನು ನೆಚ್ಚಿಕೊಳ್ಳಬೇಡಿ.

ವ್ಯಾಪಾರ ಉಳಿಯುವುದೂ ಮುಳುಗುವುದೂ ತುಪ್ಪ ತೆಗೆಯುವ ದಿನದಲ್ಲಿ. ಹುಳುಗಳು ತಂದ ಮಕರಂದ ನೀರು ನೀರಾಗಿರುತ್ತದೆ. ಅವು ರೆಕ್ಕೆ ಬೀಸಿ ಅದನ್ನು ಒಣಗಿಸಿ, ಹದ ಬಂದ ಮೇಲೆ ಮೇಣದಿಂದ ಮುಚ್ಚುತ್ತವೆ. ಆಗ ತೇವಾಂಶ ಸುಮಾರು 18 ಶೇಕಡಾ. ಅದು 20 ದಾಟಿದರೆ ತುಪ್ಪದಲ್ಲಿರುವ ಯೀಸ್ಟ್ ಹುಳಿ ಎಬ್ಬಿಸುತ್ತದೆ. ಹಾಗಾಗಿ ಮುಕ್ಕಾಲು ಪಾಲಾದರೂ ಮುಚ್ಚಿರುವ ಎರಿಯನ್ನಷ್ಟೇ ತೆಗೆಯಿರಿ. ಎರಿ ಇರುವ ಚೌಕಟ್ಟನ್ನು ಅಡ್ಡ ಹಿಡಿದು ಜೋರಾಗಿ ಒಮ್ಮೆ ಕೊಡವಿ. ಹನಿ ಉದುರಿದರೆ ಇನ್ನೂ ಹಸಿ, ವಾಪಸ್ ಇಡಿ. ಮಳೆಯ ದಿನ ಈ ಕೆಲಸ ಬೇಡವೇ ಬೇಡ, ತುಪ್ಪ ಗಾಳಿಯ ತೇವವನ್ನೂ ಹೀರುತ್ತದೆ. ಇನ್ನು, ಎಲ್ಲವನ್ನೂ ಬಾಚಿಕೊಳ್ಳಬೇಡಿ. ಹೂವಿಲ್ಲದ ದಿನಗಳಿಗೆ ಹುಳುಗಳಿಗೂ ಊಟ ಬೇಕಲ್ವಾ?

ತೆಗೆದ ತುಪ್ಪವನ್ನು ಬಟ್ಟೆಯಲ್ಲಿ ಸೋಸಿ, ಕೆಳಗೆ ನಲ್ಲಿ ಇರುವ ಬಕೆಟ್‌ನಲ್ಲಿ ಎರಡು ಮೂರು ದಿನ ಮುಚ್ಚಿಡಿ. ನೊರೆ, ಮೇಣದ ಚೂರು ಮೇಲೆ ತೇಲುತ್ತವೆ. ಕೆಳಗಿನಿಂದ ತಿಳಿ ತುಪ್ಪ ಇಳಿಸಿಕೊಂಡು ಗಾಳಿಯಾಡದ ಕ್ಯಾನ್‌ಗೆ ತುಂಬಿ. ತಿಂಗಳ ನಂತರ ಕ್ಯಾನಿನ ಮುಚ್ಚಳ ಉಬ್ಬಿ, ತೆರೆದಾಗ ಹುಳಿ ವಾಸನೆ ಹೊಡೆದರೆ ಹಸಿ ತುಪ್ಪ ಸೇರಿದೆ ಎಂದೇ ಅರ್ಥ. ಅದನ್ನು ಒಳ್ಳೆಯ ತುಪ್ಪಕ್ಕೆ ಬೆರೆಸಿ ಸಾಗಿಸಲು ಹೋದರೆ ಎರಡೂ ಹಾಳು.

ಈಗ ಮಾರಾಟ. ಒಂದು ಸುಗ್ಗಿಗೆ 40 ಕೆಜಿ ಬಂತು ಎಂದುಕೊಳ್ಳಿ. ಜೇನು ನೀರಿಗಿಂತ ಭಾರ, ಲೀಟರಿಗೆ ಸುಮಾರು 1.4 ಕೆಜಿ. ಹಾಗಾಗಿ 5 ಲೀಟರಿನ ಕ್ಯಾನಿನಲ್ಲಿ 7 ಕೆಜಿ ಹಿಡಿಯುತ್ತದೆ. ಊರಿಗೆಂದು 5 ಕೆಜಿ ಇಟ್ಟುಕೊಂಡರೆ ಉಳಿದದ್ದು ಐದು ಕ್ಯಾನ್. ಅದಕ್ಕೆಂದೇ ಪೇಟೆಗೆ ಹೋಗಬೇಕಿಲ್ಲ. ಬೇರೆ ಕೆಲಸಕ್ಕೆ ಹೋದಾಗಲೆಲ್ಲ ಎರಡು ಕ್ಯಾನ್ ಕೈಯಲ್ಲಿ ಹಿಡಿದುಕೊಂಡು ಹೋದರಾಯಿತು. ಗಾಜಿನ ಬಾಟಲಿಗೆ ತುಂಬಿದರೆ ಬೆಲೆ ಜಾಸ್ತಿ ಸಿಗುತ್ತದೆ, ನಿಜ. ಆದರೆ ಹಾಳು ರಸ್ತೆಯಲ್ಲಿ ಒಡೆಯುತ್ತವೆ, ಸುಮ್ನೆ ಭಾರ ಬೇರೆ. ಪೇಟೆಯಲ್ಲಿ ಒಬ್ಬಿಬ್ಬರು ಅಂಗಡಿಯವರನ್ನು ಹಿಡಿದು, ಮೊದಲು ಸ್ಯಾಂಪಲ್ ಕೊಟ್ಟು, ದರ ಮಾತಾಡಿ, ಖಾಲಿ ಕ್ಯಾನ್ ವಾಪಸ್ ಪಡೆಯುವ ಏರ್ಪಾಡು ಮಾಡಿಕೊಳ್ಳಿ. ಇದಕ್ಕೆಲ್ಲ ಇಂಟರ್ನೆಟ್ ಬೇಕಿಲ್ಲ, ಒಂದು ಎಸ್ಸೆಮ್ಮೆಸ್ ಸಾಕು. ಪ್ರತಿ ಕ್ಯಾನಿನ ಮೇಲೆ ತೆಗೆದ ದಿನಾಂಕ ಬರೆದು, ಅದೇ ತುಪ್ಪದ ಒಂದು ಸಣ್ಣ ಸೀಸೆ ನಿಮ್ಮಲ್ಲಿಟ್ಟುಕೊಳ್ಳಿ. ದೂರು ಬಂದರೆ ಹೋಲಿಸಿ ನೋಡಬಹುದು. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು ಎಂದೂ ಬರೆಯಿರಿ.

ಬರುವ ದೂರು ಹೆಚ್ಚಾಗಿ ಒಂದೇ: “ತುಪ್ಪ ಗಟ್ಟಿಯಾಗಿದೆ, ಸಕ್ಕರೆ ಬೆರೆಸಿದ್ದೀರಿ.” ಶುದ್ಧ ಜೇನೂ ತಣ್ಣಗಿನ ದಿನಗಳಲ್ಲಿ ಹರಳುಗಟ್ಟುತ್ತದೆ. ಇದನ್ನು ಅಂಗಡಿಯವರಿಗೆ ಮೊದಲೇ ಹೇಳಿಡಿ. ಕ್ಯಾನನ್ನು 40 ಡಿಗ್ರಿಯಷ್ಟು ಬೆಚ್ಚಗಿನ ನೀರಿನಲ್ಲಿ ಇಟ್ಟರೆ ನಿಧಾನಕ್ಕೆ ಕರಗುತ್ತದೆ. ಒಲೆಯ ಮೇಲೆ ನೇರವಾಗಿ ಇಟ್ಟರೆ ಬಣ್ಣ, ಪರಿಮಳ ಎರಡೂ ಹೋಗುತ್ತವೆ.