ಅರ್ಧಕ್ಕೆ ನಿಂತ ಡೌನ್‌ಲೋಡ್: ಮುಂದುವರಿಸಿ, ಪರೀಕ್ಷಿಸಿ, ಆಮೇಲೆ ಇನ್‌ಸ್ಟಾಲ್ ಮಾಡಿ

ಲಿಬ್ರೆ ಆಫೀಸ್‌ನ ವಿಂಡೋಸ್ ಫೈಲ್ ಸುಮಾರು 350 ಎಂಬಿ. ಸೆಕೆಂಡಿಗೆ 60 ಕೆಬಿ ಬರುವ ನೆಟ್‌ನಲ್ಲಿ ಅದು ಇಳಿಯಲು ಒಂದೂವರೆ ಗಂಟೆಗೂ ಜಾಸ್ತಿ ಬೇಕು. 300 ಎಂಬಿ ಆದಮೇಲೆ ಕರೆಂಟ್ ಹೋಯಿತು ಅನ್ನಿ. ಕೆಳಗಿನ ಕರ್ಲ್ ಕಮಾಂಡ್‌ನಿಂದ ಇಳಿಸುತ್ತಿದ್ದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಿಲ್ಲ.

ವಿಂಡೋಸ್ 10 ಮತ್ತು 11ರಲ್ಲಿ ಕರ್ಲ್ ಎಂಬ ಸಣ್ಣ ಪ್ರೋಗ್ರಾಂ ಮೊದಲೇ ಇರುತ್ತದೆ. ಡೌನ್‌ಲೋಡ್ಸ್ ಫೋಲ್ಡರ್ ತೆರೆದು, ಮೇಲಿನ ವಿಳಾಸದ ಪಟ್ಟಿಯಲ್ಲಿ `powershell` ಎಂದು ಬರೆದು ಎಂಟರ್ ಒತ್ತಿ. ಬ್ರೌಸರ್‌ನಲ್ಲಿ ಡೌನ್‌ಲೋಡ್ ಶುರು ಮಾಡಿ, ಅದರ ಡೌನ್‌ಲೋಡ್ ಪಟ್ಟಿಯಲ್ಲಿ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಲಿಂಕ್ ಕಾಪಿ ಮಾಡಿ, ಆಮೇಲೆ ಬ್ರೌಸರ್‌ನ ಡೌನ್‌ಲೋಡ್ ರದ್ದು ಮಾಡಿ. ಅದನ್ನು `URL` ಇರುವ ಜಾಗಕ್ಕೆ ಹಾಕಿ:

```
curl.exe -f -L -C - -o office.msi "URL"
```

ಇಲ್ಲಿ ಮುಖ್ಯವಾದದ್ದು `-C -`. ಕರ್ಲ್ ನಿಮ್ಮ ಡಿಸ್ಕ್‌ನಲ್ಲಿ ಎಷ್ಟು ಇಳಿದಿದೆ ಎಂದು ನೋಡಿ, ಉಳಿದದ್ದನ್ನು ಮಾತ್ರ ಸರ್ವರ್‌ನಿಂದ ಕೇಳುತ್ತದೆ. ನೆಟ್ ಕಡಿದರೆ ಮೇಲ್ಬಾಣದ ಕೀ ಒತ್ತಿ, ಎಂಟರ್ ಕೊಡಿ, ಅಷ್ಟೆ. ತುಂಬಾ ಹೊತ್ತು ಒಂದು ಕೆಬಿಯೂ ಬರದೆ ನಿಂತಿದ್ದರೆ ಸುಮ್ನೆ ಕಾಯಬೇಡಿ. `Ctrl+C` ಒತ್ತಿ ನಿಲ್ಲಿಸಿ, ಅದೇ ಕಮಾಂಡ್ ಮತ್ತೆ ಕೊಡಿ. `-f` ಬಿಡಬೇಡಿ. ಅದಿಲ್ಲದಿದ್ದರೆ ಸರ್ವರ್ ಕಳಿಸಿದ ತಪ್ಪಿನ ಪುಟವೇ ಫೈಲ್ ಒಳಗೆ ಸೇರಿಕೊಳ್ಳಬಹುದು.

ಕೆಲವು ಸರ್ವರ್‌ಗಳು ಫೈಲನ್ನು ನಡುವಿನಿಂದ ಕೊಡುವುದೇ ಇಲ್ಲ. ಆಗ ಕರ್ಲ್ 33ನೇ ನಂಬರಿನ ದೋಷ ತೋರಿಸುತ್ತದೆ. ಅದೇ ಫೈಲ್ ಇಟ್ಟಿರುವ ಬೇರೆ ಸರ್ವರ್, ಅಂದರೆ ಮಿರರ್, ಹುಡುಕಿ, ಇಲ್ಲವೇ ಫೈಲ್ ಅಳಿಸಿ ಮೊದಲಿನಿಂದ ಇಳಿಸಿ.

ಪೂರ್ತಿ ಇಳಿಯಿತು ಅಂದ ತಕ್ಷಣ ಡಬಲ್ ಕ್ಲಿಕ್ ಮಾಡಬೇಡಿ. ಎರಡು ದಿನ ಬಿಟ್ಟು ಮುಂದುವರಿಸಿದ್ದೀರಿ, ಅಷ್ಟರಲ್ಲಿ ಅದೇ ಲಿಂಕ್‌ನಲ್ಲಿ ಹೊಸ ಆವೃತ್ತಿ ಬಂದಿದೆ ಅನ್ನಿ. ಹಳೆಯದರ ತಲೆಗೆ ಹೊಸದರ ಬಾಲ ಅಂಟಿಕೊಳ್ಳುತ್ತದೆ. ಗಾತ್ರ ಸರಿ ಇದ್ದ ಹಾಗೇ ಕಾಣಬಹುದು. ಅದನ್ನು ಹಿಡಿಯುವುದು ಚೆಕ್‌ಸಮ್: ಫೈಲ್‌ನ ಪ್ರತಿ ಬೈಟ್ ಲೆಕ್ಕ ಹಾಕಿ ತೆಗೆದ 64 ಅಕ್ಷರಗಳ ಸಾಲು. ಫೈಲ್‌ನಲ್ಲಿ ಒಂದು ಬೈಟ್ ಬದಲಾದರೂ ಇಡೀ ಸಾಲೇ ಬೇರೆಯಾಗುತ್ತದೆ.

ಪ್ರಾಜೆಕ್ಟ್‌ನ ಅಧಿಕೃತ ತಾಣದಲ್ಲಿ ಅದೇ ಆವೃತ್ತಿಯ SHA-256 ಎಂಬ ಚೆಕ್‌ಸಮ್ ಸಾಲನ್ನು ಕಾಪಿ ಮಾಡಿ, `SHA256` ಇರುವ ಜಾಗಕ್ಕೆ ಹಾಕಿ:

```
(Get-FileHash office.msi).Hash -eq "SHA256"
```

`True` ಬಂದರೆ ಫೈಲ್ ಸರಿಯಾಗಿದೆ. 64 ಅಕ್ಷರ ಕಣ್ಣಲ್ಲಿ ಹೋಲಿಸುವ ಕಷ್ಟವೂ ಇಲ್ಲ. `False` ಬಂದರೆ ಮೊದಲು ಸಾಲನ್ನು ಪೂರ್ತಿ ಕಾಪಿ ಮಾಡಿದ್ದೀರಾ, ಆವೃತ್ತಿ ಅದೇನಾ ನೋಡಿ. ಆಮೇಲೆ ಫೈಲ್ ಗಾತ್ರ ನೋಡಿ. ಕಡಿಮೆ ಇದ್ದರೆ ಇನ್ನೂ ಇಳಿಯುವುದು ಬಾಕಿ ಇದೆ, ಕರ್ಲ್ ಮತ್ತೆ ಓಡಿಸಿ. ಗಾತ್ರ ಸರಿಯಿದ್ದೂ ಹೊಂದದಿದ್ದರೆ, ಅಥವಾ ಜಾಸ್ತಿ ಇದ್ದರೆ, ಅಳಿಸಿ ಹೊಸದಾಗಿ ಇಳಿಸಿ. ಬೇಸರದ ಕೆಲಸ ನಿಜ, ಆದರೆ ಕೆಟ್ಟ ಫೈಲ್ ಓಡಿಸಿದರೆ ಇನ್‌ಸ್ಟಾಲ್ ನಡುವೆಯೇ ಮುರಿಯಬಹುದು.

ಒಂದು ಮಿತಿ ಇದೆ. ಫೈಲ್ ಮತ್ತು ಚೆಕ್‌ಸಮ್ ಎರಡನ್ನೂ ಒಂದೇ ಅಪರಿಚಿತ ತಾಣದಿಂದ ತಂದರೆ, ಇಳಿಯುವಾಗ ಕೆಟ್ಟಿಲ್ಲ ಎಂದಷ್ಟೇ ಗೊತ್ತಾಗುತ್ತದೆ. ಫೈಲ್ ಬದಲಾಯಿಸಿದವರು ಸಾಲನ್ನೂ ಬದಲಾಯಿಸಬಹುದು, ಅಲ್ವಾ? ಅದಕ್ಕೇ ಫೈಲ್ ಯಾವ ಮಿರರ್‌ನಿಂದ ಬಂದರೂ, ಸಾಲು ಮಾತ್ರ `https` ಇರುವ ಅಧಿಕೃತ ತಾಣದಿಂದಲೇ ಬರಲಿ.