ಫ್ಲಾಸ್ಕಿನ ಮುಚ್ಚಳಕ್ಕೆ ಸಹಿ ಹಾಕಿದ್ದು

ಒಂದು ಲೀಟರಿನ ಸ್ಟೀಲ್ ಫ್ಲಾಸ್ಕ್ ಕೊಂಡು ರಿವ್ಯೂ ಬರೆದಿದ್ದೆ. ಫೋಟೋ ಚೆನ್ನಾಗಿಯೇ ಬಂದಿತ್ತು. ಕಿಟಕಿಯ ಬೆಳಕು, ಪಕ್ಕದಲ್ಲಿ ನೊರೆ ಕಾಫಿಯ ಲೋಟ. ಕೆಳಗೆ ‘24 ಗಂಟೆ ಬಿಸಿ ಇರುತ್ತದೆ’ ಅಂತ ಬರೆದಿದ್ದೆ. ಅತ್ತಿಗೆ ಓದಿ, “ಬಿಸಿ ಅಂದ್ರೆ ಎಷ್ಟು? ಕಾಫಿ ಕುಡಿಯೋಷ್ಟಾ, ಕೈ ತೊಳೆಯೋಷ್ಟಾ?” ಅಂದರು. ಫೋಟೋದಲ್ಲಿ ಅದಕ್ಕೆ ಉತ್ತರವೇ ಇರಲಿಲ್ಲ.

ಮತ್ತೆ ಶುರು ಮಾಡಿದೆ. ಮೊದಲು ಅಡುಗೆಮನೆ ಥರ್ಮಾಮೀಟರನ್ನೇ ಪರೀಕ್ಷಿಸಿದೆ. ಮಂಜುಗಡ್ಡೆ ಹಾಕಿದ ನೀರಲ್ಲಿ 0 ತೋರಿಸಿತು, ಕುದಿಯುವ ನೀರಲ್ಲಿ 97. ಕೆಟ್ಟಿದೆ ಅಂದುಕೊಳ್ಳಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ ಅಷ್ಟಕ್ಕೆ. ಈ ಎರಡು ಫೋಟೋಗಳನ್ನು ರಿವ್ಯೂನಲ್ಲಿ ಎಲ್ಲಕ್ಕಿಂತ ಮೇಲೆ ಹಾಕಿದೆ.

ಬೆಳಿಗ್ಗೆ 6ಕ್ಕೆ ಬಿಸಿನೀರು ತುಂಬಿ, ಐದು ನಿಮಿಷ ಬಿಟ್ಟು ಚೆಲ್ಲಿದೆ. ಆಮೇಲೆ ಕುದಿಯುವ ನೀರು ಕುತ್ತಿಗೆವರೆಗೆ. ಫ್ಲಾಸ್ಕ್, ಥರ್ಮಾಮೀಟರ್, ಗಡಿಯಾರ ಮೂರೂ ಒಟ್ಟಿಗೆ ಕಾಣುವ ಹಾಗೆ, ಎಲ್ಲೂ ಕತ್ತರಿಸದ 40 ಸೆಕೆಂಡಿನ ವಿಡಿಯೋ ತೆಗೆದೆ. ಮೊದಲ ಸಲ ಮೇಲಿನಿಂದ ಹಿಡಿದಿದ್ದೆ. ಹಬೆ ಲೆನ್ಸಿಗೆ ಹತ್ತಿ ಅಂಕಿಯೇ ಕಾಣಲಿಲ್ಲ. ಪಕ್ಕದಿಂದ ಹಿಡಿದರೆ ಸರಿಹೋಯಿತು.

ಆದರೆ ಗಡಿಯಾರಕ್ಕೆ ಇವತ್ತಿನ 6, ನಾಳೆಯ 6 ಎರಡೂ ಒಂದೇ ಅಲ್ವಾ? ಹಾಗಾಗಿ ಮರುದಿನದ ವಿಡಿಯೋದಲ್ಲಿ ಅಂದಿನ ಪತ್ರಿಕೆಯ ಮುಖಪುಟ ಇಟ್ಟೆ. ಅದು ದಿನ ತೋರಿಸುತ್ತದೆ ಅಷ್ಟೇ. ರಾತ್ರಿ ಎದ್ದು ನೀರು ಬದಲಾಯಿಸಿಲ್ಲ ಅಂತ ಹೇಳುವುದಿಲ್ಲ. ಅದಕ್ಕೆ ಮುಚ್ಚಳದಿಂದ ಮೈಗೆ ಅಡ್ಡಲಾಗಿ ಕಾಗದದ ಟೇಪ್ ಅಂಟಿಸಿ, ಅದರ ಮೇಲೆ ಸಹಿ ಹಾಕಿ, ತುಂಬುವ ವಿಡಿಯೋದಲ್ಲೇ ತೋರಿಸಿದೆ. ತೆರೆಯುವಾಗ ಅದೇ ಟೇಪ್ ಹರಿಯುವುದು ಕಾಣುತ್ತದೆ. ಮನೆಯವರು ನಕ್ಕರು, ನಗಲಿ.

ಗಂಟೆಗೊಮ್ಮೆ ತೆರೆದು ಅಳೆಯೋಣ ಅಂತ ಮೊದಲು ಅಂದುಕೊಂಡಿದ್ದೆ. ಪ್ರತಿ ಸಲ ಮುಚ್ಚಳ ತೆಗೆದಾಗಲೂ ಬಿಸಿ ಹೊರಗೆ ಹೋಗುತ್ತದೆ, ಅಳತೆಯೇ ಕೆಡುತ್ತದೆ. ಅದಕ್ಕೇ 12 ಗಂಟೆಗೆ ಒಂದು ದಿನ, 24 ಗಂಟೆಗೆ ಇನ್ನೊಂದು ದಿನ, ಬೇರೆ ಬೇರೆಯಾಗಿ ತುಂಬಿಸಿದೆ. 12 ಗಂಟೆಗೆ 71 ಡಿಗ್ರಿ, 24ಕ್ಕೆ 54. ಅರ್ಧ ಮಾತ್ರ ತುಂಬಿಸಿದ ದಿನ 12 ಗಂಟೆಗೇ 59ಕ್ಕೆ ಇಳಿದಿತ್ತು. ನಾವೆಲ್ಲ ಫ್ಲಾಸ್ಕ್ ಬಳಸುವುದೇ ಹೀಗೆ ಅರ್ಧ ತುಂಬಿಸಿ, ಹಾಗಾಗಿ ಈ ವಿಡಿಯೋವನ್ನೂ ಬಿಡಲಿಲ್ಲ.

‘24 ಗಂಟೆ ಬಿಸಿ’ ಅನ್ನುವ ಸಾಲು ಅಳಿಸಿ ಈ ಮೂರು ಅಂಕಿ ಬರೆದೆ. ಕೋಣೆ ಹಗಲಲ್ಲಿ 26 ಡಿಗ್ರಿ ಇತ್ತು, ಪರೀಕ್ಷಿಸಿದ್ದು ಒಂದೇ ಫ್ಲಾಸ್ಕ್ ಅಂತಲೂ ಸೇರಿಸಿದೆ. ಕಾಫಿ ಲೋಟದ ಫೋಟೋ ತೆಗೆದುಹಾಕಿದೆ. ಫ್ಲಾಸ್ಕಿನಲ್ಲಿಟ್ಟ ಹಾಲು ಹಾಕಿದ ಕಾಫಿ ಮಧ್ಯಾಹ್ನದ ಹೊತ್ತಿಗೆ ಒಂಥರಾ ವಾಸನೆ ಬರುತ್ತಿತ್ತು. ಅದನ್ನು ಯಾವ ಕ್ಯಾಮೆರಾದಲ್ಲೂ ತೋರಿಸಲಾಗದು, ಮಾತಲ್ಲೇ ಬರೆದೆ.